ಶಾರ್ಟ್ ಸ್ಟ್ರ್ಯಾಡಲ್

ಶಾರ್ಟ್ ಸ್ಟ್ರ್ಯಾಡಲ್ ಎಂಬುದು ಆಪ್ಷನ್ ಮಾರುಕಟ್ಟೆಯ ಒಂದು ವಹಿವಾಟು ತಂತ್ರವಾಗಿದೆ. ಇದರಲ್ಲಿ ಒಂದೇ ಷೇರು, ಸೂಚ್ಯಂಕ ಅಥವಾ ಸರಕಿನ ಮೇಲೆ, ಒಂದೇ ನಿಗದಿತ ದರ ಮತ್ತು ಒಂದೇ ಮುಕ್ತಾಯ ದಿನವುಳ್ಳ ಒಂದು ಕಾಲ್ ಆಪ್ಷನ್ ಹಾಗೂ ಒಂದು ಪುಟ್ ಆಪ್ಷನ್‌ಗಳನ್ನು ಒಟ್ಟಿಗೆ ಮಾರಲಾಗುತ್ತದೆ. ಮಾರಿದವನಿಗೆ ಎರಡೂ ಆಪ್ಷನ್‌ಗಳ ಪ್ರೀಮಿಯಂ ಮೊದಲೇ ದೊರೆಯುತ್ತದೆ. ಮುಕ್ತಾಯದ ವೇಳೆಗೆ ಬೆಲೆಯು ನಿಗದಿತ ದರದ ಆಸುಪಾಸಿನಲ್ಲಿಯೇ ಉಳಿದರೆ ಆ ಪ್ರೀಮಿಯಂನ ಹೆಚ್ಚಿನ ಪಾಲು ಅವನ ಲಾಭವಾಗುತ್ತದೆ. ಬೆಲೆಯು ಮೇಲಕ್ಕಾಗಲಿ ಕೆಳಕ್ಕಾಗಲಿ ಬಹುದೂರ ಸರಿದರೆ ನಷ್ಟವಾಗುತ್ತದೆ. ಲಾಭವು ಪಡೆದ ಪ್ರೀಮಿಯಂಗೆ ಸೀಮಿತವಾಗಿದ್ದು, ನಷ್ಟಕ್ಕೆ ಅಂತಹ ಮಿತಿ ಇಲ್ಲದಿರುವುದು ಈ ತಂತ್ರದ ಮುಖ್ಯ ಲಕ್ಷಣವಾಗಿದೆ.

## ಮೂಲ ಪರಿಕಲ್ಪನೆ

ಕಾಲ್ ಆಪ್ಷನ್ ಎಂದರೆ ಒಂದು ವಸ್ತುವನ್ನು ನಿಗದಿತ ದರಕ್ಕೆ ಕೊಳ್ಳುವ ಹಕ್ಕು. ಪುಟ್ ಆಪ್ಷನ್ ಎಂದರೆ ನಿಗದಿತ ದರಕ್ಕೆ ಮಾರುವ ಹಕ್ಕು. ಹಕ್ಕನ್ನು ಕೊಂಡವನು ಅದನ್ನು ಬಳಸಬಹುದು ಅಥವಾ ಬಿಡಬಹುದು. ಹಕ್ಕನ್ನು ಮಾರಿದವನಿಗೆ ಅಂತಹ ಆಯ್ಕೆ ಇರುವುದಿಲ್ಲ. ಕೊಂಡವನು ಕೇಳಿದಾಗ ಮಾತನ್ನು ನಡೆಸಿಕೊಡಲೇಬೇಕು. ಈ ಬಾಧ್ಯತೆಯನ್ನು ಹೊತ್ತುಕೊಳ್ಳುವುದಕ್ಕಾಗಿ ಅವನು ಪಡೆಯುವ ಪ್ರತಿಫಲವೇ ಪ್ರೀಮಿಯಂ.

ಇದನ್ನು ತುಮಕೂರು ಜಿಲ್ಲೆಯ ಅಡಿಕೆ ವ್ಯಾಪಾರದ ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ವಿವರಿಸಬಹುದು. ಅಡಿಕೆಯ ಬೆಲೆ ಕ್ವಿಂಟಲ್‌ಗೆ 50,000 ರೂಪಾಯಿ ಇದೆ ಎಂದು ಭಾವಿಸೋಣ. ಗುಬ್ಬಿಯ ಬೆಳೆಗಾರನೊಬ್ಬನಿಗೆ ಮೂರು ತಿಂಗಳಲ್ಲಿ ಬೆಲೆ ಕುಸಿದೀತೆಂಬ ಭಯವಿದೆ. ಆತನು ತುಮಕೂರಿನ ವರ್ತಕನೊಬ್ಬನಿಗೆ ಕ್ವಿಂಟಲ್‌ಗೆ 2,000 ರೂಪಾಯಿ ಕೊಟ್ಟು, ಮೂರು ತಿಂಗಳ ನಂತರ 50,000 ರೂಪಾಯಿ ದರಕ್ಕೆ ಮಾರುವ ಹಕ್ಕನ್ನು ಪಡೆಯುತ್ತಾನೆ. ಇದು ಪುಟ್. ಕುಣಿಗಲ್‌ನ ಖರೀದಿದಾರನೊಬ್ಬನಿಗೆ ಅದೇ ಮೂರು ತಿಂಗಳಲ್ಲಿ ಬೆಲೆ ಏರೀತೆಂಬ ಭಯವಿದೆ. ಆತನೂ ಅದೇ ವರ್ತಕನಿಗೆ ಕ್ವಿಂಟಲ್‌ಗೆ 2,000 ರೂಪಾಯಿ ಕೊಟ್ಟು, 50,000 ರೂಪಾಯಿ ದರಕ್ಕೆ ಕೊಳ್ಳುವ ಹಕ್ಕನ್ನು ಪಡೆಯುತ್ತಾನೆ. ಇದು ಕಾಲ್. ಎರಡನ್ನೂ ಮಾರಿದ ತುಮಕೂರಿನ ವರ್ತಕನ ಸ್ಥಿತಿಯೇ ಶಾರ್ಟ್ ಸ್ಟ್ರ್ಯಾಡಲ್.

ಇಲ್ಲಿ ಬೆಳೆಗಾರ ಮತ್ತು ಖರೀದಿದಾರರಿಬ್ಬರೂ ತಮ್ಮ ತಮ್ಮ ಭಯವನ್ನು ಹಣ ಕೊಟ್ಟು ದಾಟಿಸಿದ್ದಾರೆ. ಏರಿಕೆಯ ಭಯ ಮತ್ತು ಇಳಿಕೆಯ ಭಯ ಎರಡೂ ಈಗ ವರ್ತಕನ ಪಾಲಿಗೆ ಬಂದಿವೆ. ಬೆಲೆಯು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದರ ಬಗ್ಗೆ ಅವನಿಗೆ ಅಭಿಪ್ರಾಯವಿರಬೇಕಾಗಿಲ್ಲ; ಅದು ಹೆಚ್ಚು ದೂರ ಹೋಗುವುದಿಲ್ಲ ಎಂಬುದೊಂದೇ ಅವನ ಎಣಿಕೆ.

## ಬ್ರೇಕ್‌ಈವನ್ ಬಿಂದುಗಳು

ಲಾಭವೂ ನಷ್ಟವೂ ಇಲ್ಲದ ಬೆಲೆಯನ್ನು ಬ್ರೇಕ್‌ಈವನ್ ಬಿಂದು ಎಂದು ಕರೆಯಲಾಗುತ್ತದೆ. ಶಾರ್ಟ್ ಸ್ಟ್ರ್ಯಾಡಲ್‌ಗೆ ಇಂತಹ ಎರಡು ಬಿಂದುಗಳಿವೆ.

- ಮೇಲಿನ ಬಿಂದು = ನಿಗದಿತ ದರ + ಒಟ್ಟು ಪ್ರೀಮಿಯಂ
- ಕೆಳಗಿನ ಬಿಂದು = ನಿಗದಿತ ದರ − ಒಟ್ಟು ಪ್ರೀಮಿಯಂ

ಮೇಲಿನ ಉದಾಹರಣೆಯಲ್ಲಿ ಒಟ್ಟು ಪ್ರೀಮಿಯಂ ಕ್ವಿಂಟಲ್‌ಗೆ 4,000 ರೂಪಾಯಿ. ಆದ್ದರಿಂದ ಬ್ರೇಕ್‌ಈವನ್ ಬಿಂದುಗಳು 54,000 ಮತ್ತು 46,000 ರೂಪಾಯಿಗಳಾಗುತ್ತವೆ. ಎರಡೂ ಬದಿಯಲ್ಲಿ ಒಟ್ಟು ಪ್ರೀಮಿಯಂ ಅನ್ನೇ ಲೆಕ್ಕಕ್ಕೆ ಹಿಡಿಯಲು ಕಾರಣವಿದೆ. ಮುಕ್ತಾಯದ ದಿನ ಬೆಲೆಯು ನಿಗದಿತ ದರಕ್ಕಿಂತ ಮೇಲಿದ್ದರೆ ಕುಣಿಗಲ್‌ನ ಖರೀದಿದಾರ ಮಾತ್ರ ತನ್ನ ಹಕ್ಕನ್ನು ಬಳಸುತ್ತಾನೆ. ಕೆಳಗಿದ್ದರೆ ಗುಬ್ಬಿಯ ಬೆಳೆಗಾರ ಮಾತ್ರ ಬಳಸುತ್ತಾನೆ. ಇಬ್ಬರೂ ಒಟ್ಟಿಗೆ ಬಳಸುವ ಸಂದರ್ಭವೇ ಇಲ್ಲ. ಹೀಗಾಗಿ ಒಂದು ಬದಿಯ ನಷ್ಟವನ್ನು ತುಂಬಲು ಎರಡೂ ಬದಿಯ ಪ್ರೀಮಿಯಂ ಲಭ್ಯವಿರುತ್ತದೆ.

ಮುಕ್ತಾಯದ ದಿನದ ಬೇರೆ ಬೇರೆ ಬೆಲೆಗಳಲ್ಲಿ ವರ್ತಕನ ಪರಿಸ್ಥಿತಿಯು ಹೀಗಿರುತ್ತದೆ (ಕ್ವಿಂಟಲ್‌ಗೆ, ರೂಪಾಯಿಗಳಲ್ಲಿ):

| ಮುಕ್ತಾಯದ ಬೆಲೆ | ಕೊಡಬೇಕಾದ ವ್ಯತ್ಯಾಸ | ಪಡೆದ ಪ್ರೀಮಿಯಂ | ನಿವ್ವಳ ಫಲ |
|---|---|---|---|
| 38,000 | 12,000 | 4,000 | 8,000 ನಷ್ಟ |
| 46,000 | 4,000 | 4,000 | 0 |
| 50,000 | 0 | 4,000 | 4,000 ಲಾಭ |
| 53,000 | 3,000 | 4,000 | 1,000 ಲಾಭ |
| 54,000 | 4,000 | 4,000 | 0 |
| 60,000 | 10,000 | 4,000 | 6,000 ನಷ್ಟ |

ಇದನ್ನು ನಕ್ಷೆಯಲ್ಲಿ ಬಿಡಿಸಿದರೆ ಗುಡಾರದ ಆಕಾರ ದೊರೆಯುತ್ತದೆ. ಗುಡಾರದ ತುದಿಯು ನಿಗದಿತ ದರದ ಮೇಲಿರುತ್ತದೆ. ಅದರ ಎರಡು ಇಳಿಜಾರುಗಳು ಬ್ರೇಕ್‌ಈವನ್ ಬಿಂದುಗಳಲ್ಲಿ ಶೂನ್ಯ ರೇಖೆಯನ್ನು ದಾಟಿ ಕೆಳಗಿಳಿಯುತ್ತವೆ. ಗರಿಷ್ಠ ಲಾಭ ದೊರೆಯುವುದು ಬೆಲೆಯು ಸರಿಯಾಗಿ 50,000ಕ್ಕೆ ಬಂದು ನಿಂತಾಗ ಮಾತ್ರ. ಎಡಬದಿಯಲ್ಲಿ ಬೆಲೆಯು ಶೂನ್ಯಕ್ಕಿಂತ ಕೆಳಗೆ ಹೋಗದ ಕಾರಣ ನಷ್ಟಕ್ಕೆ ಒಂದು ಕೊನೆ ಇದೆ, ಆದರೆ ಅದು ಬಹಳ ದೂರದಲ್ಲಿದೆ. ಬಲಬದಿಯಲ್ಲಿ ಬೆಲೆಯ ಏರಿಕೆಗೆ ಮಿತಿಯಿಲ್ಲದ ಕಾರಣ ನಷ್ಟಕ್ಕೂ ಸೈದ್ಧಾಂತಿಕವಾಗಿ ಮಿತಿಯಿಲ್ಲ. ವಿನಿಮಯ ಕೇಂದ್ರಗಳಲ್ಲಿ ದಲ್ಲಾಳಿ ಶುಲ್ಕ ಮತ್ತು ತೆರಿಗೆಗಳನ್ನು ಕಳೆಯಬೇಕಾಗುವುದರಿಂದ ನಿಜವಾದ ಬ್ರೇಕ್‌ಈವನ್ ಬಿಂದುಗಳು ಲೆಕ್ಕದ ಬಿಂದುಗಳಿಗಿಂತ ತುಸು ಒಳಗಿರುತ್ತವೆ.

## ಭಾರತದಲ್ಲಿ ಹಿನ್ನೆಲೆ

ಏರಿಕೆಯ ಹಕ್ಕು ಮತ್ತು ಇಳಿಕೆಯ ಹಕ್ಕುಗಳ ವ್ಯಾಪಾರ ಭಾರತಕ್ಕೆ ಹೊಸದಲ್ಲ. ಪೇಟೆಯ ಭಾಷೆಯಲ್ಲಿ ಕಾಲ್‌ಗೆ ತೇಜಿ, ಪುಟ್‌ಗೆ ಮಂದಿ, ಎರಡೂ ಸೇರಿದ ಒಪ್ಪಂದಕ್ಕೆ ತೇಜಿ-ಮಂದಿ ಎಂಬ ಹೆಸರುಗಳಿದ್ದವು. 1956ರ ಸೆಕ್ಯುರಿಟೀಸ್ ಕಾಂಟ್ರ್ಯಾಕ್ಟ್ಸ್ ನಿಯಂತ್ರಣ ಕಾಯ್ದೆಯು ಆಪ್ಷನ್‌ಗೆ ಕೊಡುವ ವ್ಯಾಖ್ಯೆಯಲ್ಲಿ ಈ ಮೂರೂ ಪದಗಳು ಹಾಗೆಯೇ ಕಾಣಿಸಿಕೊಳ್ಳುತ್ತವೆ. ಅದೇ ಕಾಯ್ದೆಯು ಷೇರುಗಳ ಮೇಲಿನ ಆಪ್ಷನ್‌ಗಳನ್ನು ನಿಷೇಧಿಸಿತ್ತು. ಈ ನಿಷೇಧವನ್ನು 1995ರಲ್ಲಿ ತೆಗೆದುಹಾಕಲಾಯಿತು. 2001ರ ಜೂನ್‌ನಲ್ಲಿ ಸೂಚ್ಯಂಕಗಳ ಮೇಲೆ, ಜುಲೈನಲ್ಲಿ ಬಿಡಿ ಷೇರುಗಳ ಮೇಲೆ ಆಪ್ಷನ್ ವಹಿವಾಟು ವಿನಿಮಯ ಕೇಂದ್ರಗಳಲ್ಲಿ ಆರಂಭವಾಯಿತು.

## ಪ್ರೀಮಿಯಂ ಹೆಚ್ಚಿರುವಾಗಿನ ಆಕರ್ಷಣೆ

ಪ್ರೀಮಿಯಂನ ಗಾತ್ರವು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಮುಕ್ತಾಯಕ್ಕೆ ಉಳಿದಿರುವ ಕಾಲ ಮತ್ತು ಆ ಕಾಲದಲ್ಲಿ ಬೆಲೆಯು ಎಷ್ಟು ಏರಿಳಿಯಬಹುದೆಂಬ ಮಾರುಕಟ್ಟೆಯ ನಿರೀಕ್ಷೆ. ಎರಡನೆಯದನ್ನು ಸೂಚಿತ ಏರಿಳಿತ ಎನ್ನಲಾಗುತ್ತದೆ. ದಿನಗಳು ಕಳೆದಂತೆ ಆಪ್ಷನ್‌ನ ಕಾಲಮೌಲ್ಯವು ಕರಗುತ್ತದೆ. ಬೇರೇನೂ ಬದಲಾಗದಿದ್ದರೆ ಇದು ಮಾರಾಟಗಾರನ ಲಾಭ.

ಕಂಪನಿಯ ತ್ರೈಮಾಸಿಕ ಫಲಿತಾಂಶ, ಬಜೆಟ್, ಚುನಾವಣೆಯ ಮತ ಎಣಿಕೆ ಮುಂತಾದ ದಿನಗಳ ಮೊದಲು ಸೂಚಿತ ಏರಿಳಿತವು ಹೆಚ್ಚುತ್ತದೆ ಮತ್ತು ಪ್ರೀಮಿಯಂ ಉಬ್ಬುತ್ತದೆ. ಸುದ್ದಿ ಹೊರಬಿದ್ದ ಕೂಡಲೇ ಅನಿಶ್ಚಿತತೆ ಕಳೆದು ಪ್ರೀಮಿಯಂ ಥಟ್ಟನೆ ಇಳಿಯುತ್ತದೆ. ಉಬ್ಬಿದಾಗ ಮಾರಿ ಇಳಿದಾಗ ಕೊಳ್ಳುವ ಈ ಅವಕಾಶವೇ ಸ್ಟ್ರ್ಯಾಡಲ್ ಮಾರಾಟಗಾರರನ್ನು ಸೆಳೆಯುತ್ತದೆ. ಆದರೆ ಪ್ರೀಮಿಯಂ ಉಬ್ಬಿರುವುದು ನಿರೀಕ್ಷಿತ ಏರಿಳಿತಕ್ಕೆ ತಕ್ಕಂತೆ. ನಿಜವಾದ ಏರಿಳಿತವು ನಿರೀಕ್ಷೆಯನ್ನು ಮೀರಿದರೆ, ಉಬ್ಬಿದ ಪ್ರೀಮಿಯಂ ಕೂಡ ಸಾಲುವುದಿಲ್ಲ.

## ಪ್ರಕರಣ: ಇನ್ಫೋಸಿಸ್, 2013

ಬೆಂಗಳೂರು ಮೂಲದ ಇನ್ಫೋಸಿಸ್ ಕಂಪನಿಯ ಷೇರು 2013ರಲ್ಲಿ ಸತತ ಎರಡು ಫಲಿತಾಂಶದ ದಿನಗಳಂದು ವಿರುದ್ಧ ದಿಕ್ಕಿನಲ್ಲಿ ಬಹುದೊಡ್ಡ ಜಿಗಿತವನ್ನು ಕಂಡಿತು. ಜನವರಿ 11ರಂದು ನಿರೀಕ್ಷೆಗಿಂತ ಉತ್ತಮ ಫಲಿತಾಂಶ ಪ್ರಕಟವಾದಾಗ ಷೇರು ಸುಮಾರು 17 ಶೇಕಡಾ ಏರಿ, 2,320 ರೂಪಾಯಿಗಳ ಆಸುಪಾಸಿನಿಂದ 2,712ರ ಆಸುಪಾಸಿಗೆ ತಲುಪಿತು. ಏಪ್ರಿಲ್ 12ರಂದು ಕಂಪನಿಯು ಮುಂದಿನ ಹಣಕಾಸು ವರ್ಷದ ಡಾಲರ್ ಆದಾಯದ ಬೆಳವಣಿಗೆಯನ್ನು 6ರಿಂದ 10 ಶೇಕಡಾ ಎಂದು ಅಂದಾಜಿಸಿತು. ಇದು ಮಾರುಕಟ್ಟೆಯ ನಿರೀಕ್ಷೆಗಿಂತ ಕಡಿಮೆಯಾಗಿದ್ದು, ಷೇರು ಒಂದೇ ದಿನದಲ್ಲಿ ಸುಮಾರು 21 ಶೇಕಡಾ ಕುಸಿದು, 2,918ರ ಆಸುಪಾಸಿನಿಂದ 2,295ಕ್ಕೆ ಇಳಿಯಿತು.

ಏಪ್ರಿಲ್ 11ರ ಸಂಜೆ, ಅದೇ ತಿಂಗಳ 25ರಂದು ಮುಕ್ತಾಯವಾಗುವ 2,900 ದರದ ಕಾಲ್ ಮತ್ತು ಪುಟ್‌ಗಳನ್ನು ಒಬ್ಬನು ಮಾರಿ ಇಟ್ಟುಕೊಂಡಿದ್ದನೆಂದು ಭಾವಿಸಬಹುದು. ಲೆಕ್ಕದ ಸಲುವಾಗಿ ಕಾಲ್‌ಗೆ 110, ಪುಟ್‌ಗೆ 90, ಒಟ್ಟು ಷೇರಿಗೆ 200 ರೂಪಾಯಿ ಪ್ರೀಮಿಯಂ ಎಂದೂ, ಒಂದು ಲಾಟ್‌ನಲ್ಲಿ 125 ಷೇರುಗಳೆಂದೂ ಇಟ್ಟುಕೊಳ್ಳಲಾಗಿದೆ. ಆಗ ಅವನ ಕೈಗೆ ಬಂದ ಹಣ 25,000 ರೂಪಾಯಿ. ಬ್ರೇಕ್‌ಈವನ್ ಬಿಂದುಗಳು 3,100 ಮತ್ತು 2,700. ಅಂದರೆ ಷೇರು ಎರಡೂ ಕಡೆಗೆ 6 ಶೇಕಡಾಕ್ಕೂ ಹೆಚ್ಚು ಸರಿದರೂ ನಷ್ಟವಿಲ್ಲ. ಸಾಮಾನ್ಯ ದಿನದ ಏರಿಳಿತದೊಂದಿಗೆ ಹೋಲಿಸಿದರೆ ಇದು ವಿಶಾಲವಾದ ಅಂತರವೆಂದೇ ತೋರುತ್ತದೆ.

ಮರುದಿನ ಷೇರು 2,295ಕ್ಕೆ ಬಂದಾಗ ಕಾಲ್‌ನ ಬೆಲೆ ಬಹುತೇಕ ಶೂನ್ಯವಾಯಿತು. ಆ ಬದಿಯ 110 ರೂಪಾಯಿ ಪೂರ್ಣ ಉಳಿಯಿತು. ಆದರೆ 2,900ಕ್ಕೆ ಮಾರುವ ಹಕ್ಕನ್ನು ನೀಡುವ ಪುಟ್‌ನ ಮೌಲ್ಯ ಕನಿಷ್ಠ 605 ರೂಪಾಯಿಗಳಾಯಿತು. ಪಡೆದ 200 ರೂಪಾಯಿಗಳನ್ನು ಕಳೆದ ನಂತರವೂ ಷೇರಿಗೆ 405 ರೂಪಾಯಿ ನಷ್ಟ. ಒಂದು ಲಾಟ್‌ಗೆ 50,625 ರೂಪಾಯಿ. ಇದು ಪಡೆದ ಪ್ರೀಮಿಯಂನ ಎರಡು ಪಟ್ಟಿಗಿಂತ ಹೆಚ್ಚು. ಸೂಚಿತ ಏರಿಳಿತವು ಫಲಿತಾಂಶದ ನಂತರ ಇಳಿಯುತ್ತದೆ ಎಂಬ ಎಣಿಕೆ ನಿಜವಾದರೂ ಪ್ರಯೋಜನವಾಗುವುದಿಲ್ಲ. ಏಕೆಂದರೆ ಈ 605 ರೂಪಾಯಿಗಳು ಕಾಲಮೌಲ್ಯವಲ್ಲ, ನಿಗದಿತ ದರಕ್ಕೂ ಷೇರಿನ ದರಕ್ಕೂ ಇರುವ ನೇರ ವ್ಯತ್ಯಾಸ.

ಜನವರಿಯ ಜಿಗಿತಕ್ಕೂ ಇದೇ ಲೆಕ್ಕವನ್ನು ಅನ್ವಯಿಸಬಹುದು. 2,300 ದರದ ಸ್ಟ್ರ್ಯಾಡಲ್ ಅನ್ನು 160 ರೂಪಾಯಿಗೆ ಮಾರಿದ್ದರೆ ಮೇಲಿನ ಬ್ರೇಕ್‌ಈವನ್ 2,460 ಆಗುತ್ತಿತ್ತು. 2,712ರಲ್ಲಿ ಕಾಲ್‌ಗಾಗಿ 412 ರೂಪಾಯಿ ಕೊಡಬೇಕಾಗಿ, ನಿವ್ವಳ ನಷ್ಟ 252 ರೂಪಾಯಿಗಳಾಗುತ್ತಿತ್ತು. ಎರಡೂ ಫಲಿತಾಂಶಗಳು ಸೇರಿ ಷೇರಿಗೆ 657 ರೂಪಾಯಿ ನಷ್ಟ. ಶಾಂತವಾದ ಪ್ರತಿಯೊಂದು ತ್ರೈಮಾಸಿಕದಲ್ಲಿ ಸರಾಸರಿ 100 ರೂಪಾಯಿ ಉಳಿಯುತ್ತದೆಂದು ಹಿಡಿದರೆ, ಈ ಎರಡು ದಿನಗಳ ನಷ್ಟವನ್ನು ತುಂಬಲು ಏಳು ಶಾಂತ ತ್ರೈಮಾಸಿಕಗಳು ಬೇಕಾಗುತ್ತವೆ. ಹೆಚ್ಚಿನ ಬಾರಿ ಗೆಲ್ಲುವುದು ಮತ್ತು ಒಟ್ಟಿನಲ್ಲಿ ಲಾಭ ಗಳಿಸುವುದು ಬೇರೆ ಬೇರೆ ಎಂಬುದನ್ನು ಈ ಲೆಕ್ಕವು ತೋರಿಸುತ್ತದೆ.

## ನಷ್ಟವು ವೇಗವಾಗಿ ಬೆಳೆಯಲು ಕಾರಣ

ಮಾರಿದ ಕ್ಷಣದಲ್ಲಿ ಸ್ಟ್ರ್ಯಾಡಲ್ ಸಮತೋಲನದಲ್ಲಿರುತ್ತದೆ. ಬೆಲೆ ಒಂದು ರೂಪಾಯಿ ಏರಿದರೆ ಕಾಲ್‌ನಲ್ಲಿ ಆಗುವ ನಷ್ಟವನ್ನು ಪುಟ್‌ನ ಲಾಭವು ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಬೆಲೆಯು ಒಂದು ದಿಕ್ಕಿನಲ್ಲಿ ಮುಂದುವರಿದಂತೆ ಈ ಸಮತೋಲನ ಕೆಡುತ್ತದೆ. ನಷ್ಟದ ಬದಿಯ ಆಪ್ಷನ್ ಪ್ರತಿ ರೂಪಾಯಿಗೆ ಹೆಚ್ಚು ಹೆಚ್ಚು ಸ್ಪಂದಿಸುತ್ತದೆ. ಲಾಭದ ಬದಿಯದು ಕಡಿಮೆ ಸ್ಪಂದಿಸುತ್ತದೆ, ಏಕೆಂದರೆ ಅದರ ಬೆಲೆ ಶೂನ್ಯಕ್ಕಿಂತ ಕೆಳಗೆ ಇಳಿಯಲಾರದು. ಕೊನೆಗೆ ಬೆಲೆ ಸರಿದ ಪ್ರತಿ ರೂಪಾಯಿಗೂ ಪೂರ್ಣ ಒಂದು ರೂಪಾಯಿ ನಷ್ಟವಾಗುವ ಸ್ಥಿತಿ ಬರುತ್ತದೆ. ಹೀಗೆ ಬೆಲೆ ಎರಡು ಪಟ್ಟು ದೂರ ಸರಿದಾಗ ನಷ್ಟವು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಆಪ್ಷನ್ ಸಿದ್ಧಾಂತದಲ್ಲಿ ಈ ಗುಣವನ್ನು ಋಣಾತ್ಮಕ ಗ್ಯಾಮಾ ಎಂದು ಕರೆಯುತ್ತಾರೆ. ಮುಕ್ತಾಯದ ದಿನ ಸಮೀಪಿಸಿದಂತೆ, ನಿಗದಿತ ದರದ ಬಳಿ ಇದು ಇನ್ನಷ್ಟು ತೀವ್ರವಾಗುತ್ತದೆ.

ಇದರ ಜೊತೆಗೆ, ಅನಿರೀಕ್ಷಿತ ಕುಸಿತದ ಸಮಯದಲ್ಲಿ ಸೂಚಿತ ಏರಿಳಿತವೂ ಏರುವುದರಿಂದ ಎರಡೂ ಆಪ್ಷನ್‌ಗಳು ದುಬಾರಿಯಾಗುತ್ತವೆ. ಬೆಲೆ ಇನ್ನೂ ಬ್ರೇಕ್‌ಈವನ್ ಬಿಂದುವನ್ನು ತಲುಪದಿದ್ದರೂ ಮಾರಾಟಗಾರನ ಖಾತೆಯಲ್ಲಿ ನಷ್ಟ ಕಾಣಿಸಬಹುದು. ಬ್ರೇಕ್‌ಈವನ್ ಬಿಂದುಗಳ ಸೂತ್ರವು ಮುಕ್ತಾಯದ ದಿನಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

## ಮುಕ್ತಾಯಕ್ಕೆ ಮುಂಚಿನ ಅಪಾಯ

2024ರ ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನವು ಈ ವ್ಯತ್ಯಾಸಕ್ಕೆ ಸ್ಪಷ್ಟ ಉದಾಹರಣೆಯಾಗಿದೆ. ಜೂನ್ 3ರಂದು ನಿಫ್ಟಿ 50 ಸೂಚ್ಯಂಕವು 23,263.90ರಲ್ಲಿ ಕೊನೆಗೊಂಡಿತು. ಜೂನ್ 4ರಂದು ಅದು ಒಂದು ಹಂತದಲ್ಲಿ 21,281ರವರೆಗೆ ಕುಸಿದು, 21,884.50ರಲ್ಲಿ ಕೊನೆಗೊಂಡಿತು. ಜೂನ್ 6ರಂದು, ವಾರದ ಆಪ್ಷನ್‌ಗಳ ಮುಕ್ತಾಯದ ದಿನ, ಚೇತರಿಸಿಕೊಂಡು 22,821.40ಕ್ಕೆ ಬಂದಿತು.

ಜೂನ್ 3ರಂದು 23,250 ದರದ ಸ್ಟ್ರ್ಯಾಡಲ್ ಅನ್ನು ಒಟ್ಟು 700 ಅಂಶಗಳ ಪ್ರೀಮಿಯಂಗೆ ಮಾರಲಾಗಿತ್ತು ಎಂದು ಊಹಿಸಿದರೆ, ಕೆಳಗಿನ ಬ್ರೇಕ್‌ಈವನ್ 22,550. ಮುಕ್ತಾಯದ ಬೆಲೆ ಅದಕ್ಕಿಂತ ಮೇಲಿರುವುದರಿಂದ, ಕೊನೆಯವರೆಗೂ ಉಳಿದವನಿಗೆ ಸುಮಾರು 271 ಅಂಶಗಳ ಲಾಭವಾಗುತ್ತಿತ್ತು. ಆದರೆ ಜೂನ್ 4ರ ತಳಮಟ್ಟದಲ್ಲಿ ಪುಟ್‌ನ ನೇರ ಮೌಲ್ಯವೇ 1,969 ಅಂಶಗಳಷ್ಟಾಗಿತ್ತು. ಅಂದರೆ ಆ ಹೊತ್ತಿಗೆ ಕನಿಷ್ಠ 1,269 ಅಂಶಗಳ ನಷ್ಟ. ಅದನ್ನು ತಾಳಿಕೊಳ್ಳುವಷ್ಟು ಹಣ ಖಾತೆಯಲ್ಲಿ ಇಲ್ಲದವನು ಜೂನ್ 6ರ ಚೇತರಿಕೆಯನ್ನು ಕಾಣುವ ಮೊದಲೇ ಹೊರಬೀಳಬೇಕಾಗುತ್ತಿತ್ತು.

ಇದಕ್ಕೆ ಕಾರಣ ಮಾರ್ಜಿನ್ ವ್ಯವಸ್ಥೆ. ಆಪ್ಷನ್ ಮಾರುವವನು ದಲ್ಲಾಳಿ ಸಂಸ್ಥೆಯಲ್ಲಿ ಠೇವಣಿಯಾಗಿ ಮಾರ್ಜಿನ್ ಹಣವನ್ನು ಇಡಬೇಕು. ಬೆಲೆಯ ಏರಿಳಿತ ಹೆಚ್ಚಿದಂತೆ ಕೇಳುವ ಮಾರ್ಜಿನ್ ಕೂಡ ಹೆಚ್ಚುತ್ತದೆ. ನಷ್ಟ ಮತ್ತು ಹೆಚ್ಚುವರಿ ಠೇವಣಿ ಎರಡೂ ಒಂದೇ ಗಳಿಗೆಯಲ್ಲಿ ಬಂದು ಬೀಳುತ್ತವೆ. ಕೊರತೆ ತುಂಬದಿದ್ದರೆ ದಲ್ಲಾಳಿ ಸಂಸ್ಥೆಯು ಆಪ್ಷನ್‌ಗಳನ್ನು ಅಂದಿನ ದುಬಾರಿ ದರದಲ್ಲಿ ಮರಳಿ ಕೊಂಡು ವ್ಯವಹಾರವನ್ನು ಮುಗಿಸುತ್ತದೆ. ಮಾರ್ಜಿನ್ ಎಂಬುದು ನಷ್ಟದ ಗರಿಷ್ಠ ಮಿತಿಯಲ್ಲ. ನಷ್ಟವು ಅದನ್ನು ಮೀರಿದರೆ ಉಳಿದ ಹಣವನ್ನೂ ಮಾರಾಟಗಾರನೇ ಕೊಡಬೇಕಾಗುತ್ತದೆ.

## ಅಪಾಯ ನಿಯಂತ್ರಣ ಮತ್ತು ಅದರ ಮಿತಿ

ನಷ್ಟವು ಒಂದು ಮಟ್ಟ ತಲುಪಿದಾಗ ವ್ಯವಹಾರದಿಂದ ತಾನಾಗಿ ಹೊರಬರುವ ಸ್ಟಾಪ್ ಲಾಸ್ ಆದೇಶವನ್ನು ಅನೇಕರು ಬಳಸುತ್ತಾರೆ. ಬೆಲೆಯು ಮೆಟ್ಟಿಲು ಮೆಟ್ಟಿಲಾಗಿ ಸರಿದಾಗ ಇದು ಕೆಲಸ ಮಾಡುತ್ತದೆ. ಆದರೆ ಮಾರುಕಟ್ಟೆ ಮುಚ್ಚಿರುವಾಗ ಸುದ್ದಿ ಬಂದು, ಮರುದಿನ ವಹಿವಾಟು ದೂರದ ಬೆಲೆಯಲ್ಲಿಯೇ ಆರಂಭವಾದರೆ, ನಡುವಿನ ಬೆಲೆಗಳಲ್ಲಿ ವ್ಯವಹಾರವೇ ನಡೆದಿರುವುದಿಲ್ಲ. ಆಗ ಆದೇಶವು ಇಟ್ಟ ಮಟ್ಟದಲ್ಲಿ ಅಲ್ಲದೆ, ದೊರೆತ ಬೆಲೆಯಲ್ಲಿ ಜಾರಿಗೊಳ್ಳುತ್ತದೆ.

ಇದಕ್ಕಿಂತ ಖಚಿತವಾದ ಕ್ರಮವೆಂದರೆ ದೂರದ ದರಗಳಲ್ಲಿ ಒಂದು ಕಾಲ್ ಮತ್ತು ಒಂದು ಪುಟ್ ಅನ್ನು ಕೊಂಡಿಡುವುದು. ಇದರಿಂದ ರಚನೆಯು ಐರನ್ ಬಟರ್‌ಫ್ಲೈ ಆಗಿ ಬದಲಾಗುತ್ತದೆ. ಏಪ್ರಿಲ್ 2013ರ ಲೆಕ್ಕದಲ್ಲಿ 3,200ರ ಕಾಲ್ ಮತ್ತು 2,600ರ ಪುಟ್‌ಗಳನ್ನು ಒಟ್ಟು 55 ರೂಪಾಯಿಗೆ ಕೊಂಡಿದ್ದರೆ, ಉಳಿಯುವ ಪ್ರೀಮಿಯಂ 145 ರೂಪಾಯಿಗಳಿಗೆ ಇಳಿದು, ಬ್ರೇಕ್‌ಈವನ್ ಬಿಂದುಗಳು 3,045 ಮತ್ತು 2,755ಕ್ಕೆ ಕಿರಿದಾಗುತ್ತಿದ್ದವು. ಪ್ರತಿಯಾಗಿ, ಷೇರು ಎಷ್ಟೇ ದೂರ ಹೋದರೂ ಮುಕ್ತಾಯದಲ್ಲಿ ನಷ್ಟವು 300ರಲ್ಲಿ 145 ಕಳೆದು 155 ರೂಪಾಯಿಗೆ ನಿಲ್ಲುತ್ತಿತ್ತು. 405 ರೂಪಾಯಿ ನಷ್ಟದ ಬದಲು 155. ಈ ವ್ಯತ್ಯಾಸಕ್ಕೆ ತೆತ್ತ ಬೆಲೆ 55 ರೂಪಾಯಿ. ಶಾಂತವಾದ ದಿನಗಳಲ್ಲಿ ಈ 55 ರೂಪಾಯಿ ವ್ಯರ್ಥವೆಂದು ತೋರುವ ಕಾರಣ ಇದನ್ನು ಕೈಬಿಡುವವರೂ ಇದ್ದಾರೆ.

ನಷ್ಟವನ್ನು ತುಂಬಿಕೊಳ್ಳಲು ವ್ಯವಹಾರದ ಗಾತ್ರವನ್ನೇ ಹೆಚ್ಚಿಸುವುದು ಅಪಾಯವನ್ನು ಬೆಳೆಸುತ್ತದೆ. ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕಿನ ಸಿಂಗಪುರ ವಹಿವಾಟುಗಾರ ನಿಕ್ ಲೀಸನ್ ಜಪಾನಿನ ನಿಕ್ಕೆ 225 ಸೂಚ್ಯಂಕದ ಮೇಲೆ ಸ್ಟ್ರ್ಯಾಡಲ್‌ಗಳನ್ನು ಮಾರಿದ್ದನು. 1995ರ ಜನವರಿ 17ರ ಕೋಬೆ ಭೂಕಂಪದ ನಂತರ ಸೂಚ್ಯಂಕವು ಕುಸಿಯಿತು. ಚೇತರಿಕೆಯನ್ನು ನಿರೀಕ್ಷಿಸಿ ಆತ ಫ್ಯೂಚರ್ಸ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡನು. ಒಟ್ಟು ನಷ್ಟವು 80 ಕೋಟಿ ಪೌಂಡ್‌ಗಳನ್ನು ಮೀರಿ, ಎರಡು ಶತಮಾನಗಳಿಗೂ ಹಳೆಯದಾದ ಆ ಬ್ಯಾಂಕು ಅದೇ ಫೆಬ್ರವರಿಯಲ್ಲಿ ಮುಳುಗಿತು.

## ಭಾರತದ ನಿಯಂತ್ರಣ ಕ್ರಮಗಳು

ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ 93 ಶೇಕಡಾ ಜನರು ನಷ್ಟ ಅನುಭವಿಸಿದ್ದಾರೆ. ಈ ಅಂಕಿಯು ಕೊಂಡವರನ್ನೂ ಮಾರಿದವರನ್ನೂ ಒಳಗೊಂಡಿದೆ. ಅದೇ ವರ್ಷದ ನವೆಂಬರ್ 20ರಿಂದ, ಮುಕ್ತಾಯದ ದಿನದಂದು ಮಾರಿಟ್ಟ ಸೂಚ್ಯಂಕ ಆಪ್ಷನ್‌ಗಳ ಮೇಲೆ 2 ಶೇಕಡಾ ಹೆಚ್ಚುವರಿ ಮಾರ್ಜಿನ್ ವಿಧಿಸಲಾಯಿತು. ನಿಗದಿತ ದರದ ಬಳಿ ಕೊನೆಯ ಗಂಟೆಗಳಲ್ಲಿ ಆಪ್ಷನ್ ಬೆಲೆಗಳು ಅತಿವೇಗವಾಗಿ ಬದಲಾಗುವುದೇ ಇದರ ಹಿನ್ನೆಲೆ.

ಸೂಚ್ಯಂಕ ಆಪ್ಷನ್‌ಗಳ ಲೆಕ್ಕವು ನಗದಿನಲ್ಲಿ ತೀರುತ್ತದೆ. ಬಿಡಿ ಷೇರುಗಳ ಆಪ್ಷನ್‌ಗಳಲ್ಲಿ ಈಗ ಷೇರುಗಳನ್ನೇ ಕೊಡುವ ಅಥವಾ ಪಡೆಯುವ ನಿಯಮವಿದೆ. ಆದ್ದರಿಂದ ಷೇರಿನ ಸ್ಟ್ರ್ಯಾಡಲ್ ಮಾರಿ ಮುಕ್ತಾಯದವರೆಗೆ ಉಳಿದವನು, ಬೆಲೆ ಕುಸಿದಾಗ ಇಡೀ ಲಾಟ್‌ನ ಷೇರುಗಳನ್ನು ನಿಗದಿತ ದರಕ್ಕೆ ಕೊಳ್ಳಲು ಬೇಕಾದ ಪೂರ್ಣ ಹಣವನ್ನು, ಬೆಲೆ ಏರಿದಾಗ ಕೊಡಬೇಕಾದ ಷೇರುಗಳನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.